ಕೆಲಸಕ್ಕೆ ಮರಳುವವರಿಗೆ ಮನೋವೈದ್ಯರ ಪತ್ರ: ಎಷ್ಟು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು

ಚೇತರಿಸಿಕೊಂಡು ಕೆಲಸಕ್ಕೆ ಮರಳುವವರಿಗೆ ಡಿಸ್ಚಾರ್ಜ್ ಸಮ್ಮರಿಯ ನಕಲನ್ನೇ ಕೊಟ್ಟು ಕಳುಹಿಸುವ ವೈದ್ಯರನ್ನು ನೋಡುತ್ತಲೇ ಇದ್ದೇನೆ. ರೋಗದ ಹೆಸರು, ಮಾತ್ರೆಗಳ ಪಟ್ಟಿ, ಮನೆಯ ಜಗಳ ಎಲ್ಲವೂ ಅದರಲ್ಲಿರುತ್ತವೆ. ಸಂಸ್ಥೆಗೆ ನಿಜವಾಗಿ ಬೇಕಾದದ್ದು ಮಾತ್ರ ಇರುವುದಿಲ್ಲ: ಈ ವ್ಯಕ್ತಿ ಯಾವ ಕೆಲಸ ಮಾಡಬಲ್ಲರು, ಯಾವುದನ್ನು ಸದ್ಯಕ್ಕೆ ಮಾಡಬಾರದು, ಎಲ್ಲಿಯವರೆಗೆ ಮಾಡಬಾರದು.

ಮೊದಲಿಗೆ, ಸಂಸ್ಥೆಯ ಪ್ರಶ್ನೆಗಳನ್ನೂ ಹುದ್ದೆಯ ಕೆಲಸಗಳ ವಿವರವನ್ನೂ ಲಿಖಿತವಾಗಿ ತರಿಸಿಕೊಳ್ಳಿ. ಪಾಳಿ, ಯಂತ್ರ, ವಾಹನ, ಎತ್ತರದ ಕೆಲಸ ಇವು ತಿಳಿಯದೆ ಕೊಟ್ಟ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ಎರಡನೆಯದು ಒಪ್ಪಿಗೆ. ‘ನನ್ನ ಮಾಹಿತಿ ನೀಡಬಹುದು’ ಎಂಬ ಒಂದು ಸಾಲಿನ ಸಹಿ ಸಾಲದು. ಯಾವ ಮಾಹಿತಿ, ಯಾರಿಗೆ, ಯಾವ ಉದ್ದೇಶಕ್ಕೆ ಎಂಬುದನ್ನು ಬರೆಸಿ. ಪತ್ರ ಕಳುಹಿಸುವ ಮೊದಲು ಕರಡನ್ನು ರೋಗಿಯೇ ಓದಲಿ. ನಾನಂತೂ ಇದಕ್ಕೆ ವಿನಾಯಿತಿ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ರೋಗದ ಭಾಷೆಯಲ್ಲಿ ನಿಮಗೆ ಗೊತ್ತಿರುವುದನ್ನು ಕೆಲಸದ ಭಾಷೆಗೆ ತರಬೇಕು. ಕಾರ್ಖಾನೆಯ ಯಂತ್ರಚಾಲಕರೊಬ್ಬರನ್ನು ಊಹಿಸಿಕೊಳ್ಳಿ. ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಿಂದ ಚೇತರಿಸಿಕೊಂಡಿದ್ದಾರೆ. ಲಿಥಿಯಂ ಜೊತೆಗೆ ರಾತ್ರಿ ಕ್ವೆಟಿಯಾಪಿನ್ ತೆಗೆದುಕೊಳ್ಳುತ್ತಿದ್ದಾರೆ. ನಿದ್ದೆಗೆಟ್ಟರೆ ಉನ್ಮಾದ ಮರುಕಳಿಸಬಹುದು, ಆದ್ದರಿಂದ ರಾತ್ರಿ ಪಾಳಿ ಬೇಡ. ರಾತ್ರಿಯ ಮಾತ್ರೆಯಿಂದ ಬೆಳಗಿನ ಜಾವ ಮಂಪರು ಉಳಿಯುತ್ತಿದೆ, ಆದ್ದರಿಂದ ಕೆಲಸ ತಡವಾಗಿ ಶುರುವಾಗಲಿ. ಹೆಚ್ಚು ಬೆವರಿ ದೇಹದ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು, ಆದ್ದರಿಂದ ಕುಲುಮೆಯ ಪಕ್ಕದ ಕೆಲಸ ಬೇಡ. ಈ ‘ಆದ್ದರಿಂದ’ದ ಹಿಂದಿರುವುದೆಲ್ಲ ನಿಮ್ಮ ಕಡತದಲ್ಲಿರಲಿ, ಮುಂದಿರುವುದಷ್ಟೇ ಪತ್ರಕ್ಕೆ ಹೋಗಲಿ:

“ಇವರನ್ನು ಇಂದು ಪರೀಕ್ಷಿಸಿದ್ದೇನೆ. ಈ ಕೆಳಗಿನ ಹೊಂದಾಣಿಕೆಗಳೊಂದಿಗೆ ಇವರು ತಮ್ಮ ಹುದ್ದೆಯ ಕೆಲಸಕ್ಕೆ ಅರ್ಹರಾಗಿದ್ದಾರೆ. ಮೂರು ತಿಂಗಳು ರಾತ್ರಿ ಪಾಳಿ ಬೇಡ. ಕೆಲಸ ಬೆಳಿಗ್ಗೆ 9ಕ್ಕೆ ಮೊದಲು ಆರಂಭವಾಗದಿರಲಿ. ಮೊದಲ ಎರಡು ವಾರ ಅರ್ಧ ದಿನದ ಕೆಲಸ. ಅತಿಯಾದ ಶಾಖವಿರುವ ಜಾಗದಲ್ಲಿ ನಿಯೋಜಿಸಬಾರದು. ಕುಡಿಯುವ ನೀರು, ಶೌಚಾಲಯ ಹತ್ತಿರದಲ್ಲಿರಬೇಕು. ವೈದ್ಯಕೀಯ ಭೇಟಿಗೆ ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಬಿಡುವು ಬೇಕು. ಮೂರು ತಿಂಗಳ ನಂತರ ಮರುಪರಿಶೀಲನೆ.”

ಯಾರಿಗೆ ಸಂಬಂಧಿಸಿದ ಪತ್ರ, ದಿನಾಂಕ, ಸಹಿ, ನೋಂದಣಿ ಸಂಖ್ಯೆ ಸೇರಿದರೆ ಪತ್ರ ಮುಗಿಯಿತು. ಮೇಲ್ವಿಚಾರಕರು ಇದನ್ನು ಓದಿ ಮರುದಿನದ ಪಾಳಿಪಟ್ಟಿ ಸಿದ್ಧಪಡಿಸಬಲ್ಲರು. ‘ಹಗುರ ಕೆಲಸ ಕೊಡಿ’, ‘ಒತ್ತಡ ಬೇಡ’ ಎಂದಷ್ಟೇ ಬರೆದರೆ ಅವರಿಗೇನೂ ತಿಳಿಯುವುದಿಲ್ಲ. ಒತ್ತಡದ ಯಾವ ಭಾಗ ಕಷ್ಟ, ಗಡುವೋ, ಗ್ರಾಹಕರ ಎದುರು ನಿಲ್ಲುವುದೋ, ಒಬ್ಬರೇ ಇರುವುದೋ, ಅದನ್ನು ಹೇಳಿ.

‘ಸಂಪೂರ್ಣ ಗುಣವಾಗಿದೆ, ಮತ್ತೆ ಬರುವುದಿಲ್ಲ’ ಎಂದೂ ಬರೆಯಬೇಡಿ. ಪರೀಕ್ಷಿಸಿದ ದಿನದ ಸ್ಥಿತಿಯನ್ನು ಹೇಳಬಹುದೇ ಹೊರತು ಭವಿಷ್ಯಕ್ಕೆ ಯಾರೂ ಜಾಮೀನು ಕೊಡಲಾಗದು. ಆ ಸಾಲಿನಿಂದಲೇ, ಬಂದು ಹೋದದ್ದೇನೋ ಇತ್ತು ಎಂಬುದೂ ಬಯಲಾಗುತ್ತದೆ.

ನಾಲ್ಕನೆಯದಾಗಿ ಸೋರಿಕೆಗಳನ್ನು ಹುಡುಕಿ. ‘ನಿಯಮಿತ ರಕ್ತಪರೀಕ್ಷೆ ಅಗತ್ಯ’ ಎಂಬ ಸಾಲು, ‘ಮೂಡ್ ಕ್ಲಿನಿಕ್’ ಎಂದು ಅಚ್ಚಾದ ಲೆಟರ್‌ಹೆಡ್, ಇಮೇಲ್‌ನ ವಿಷಯದ ಸಾಲು, ಲಗತ್ತಿಸಿದ ಬಿಲ್ಲು ಇವೆಲ್ಲ ಕಾಯಿಲೆಯ ಸುಳಿವು ಕೊಡುತ್ತವೆ. ಆಸ್ಪತ್ರೆಯ ಸಾಮಾನ್ಯ ಲೆಟರ್‌ಹೆಡ್ ಇದ್ದರೆ ಅದನ್ನೇ ಬಳಸಿ. ಅಂಗಡಿಯಲ್ಲಿ ಸಿಗುವ ಅಚ್ಚು ಸರ್ಟಿಫಿಕೇಟ್ ಪುಸ್ತಕವನ್ನು ಮಾತ್ರ ಕೊಳ್ಳಲೇಬೇಡಿ. ಅದರಲ್ಲಿ ‘ರೋಗದ ಹೆಸರು’ ಎಂಬ ಖಾಲಿ ಜಾಗವಿರುತ್ತದೆ. ಖಾಲಿ ಜಾಗ ಕಂಡರೆ ಕೈ ತುಂಬಿಸಿಯೇ ಬಿಡುತ್ತದೆ.

ವಾಹನ, ಕ್ರೇನ್, ಆಯುಧದಂಥ ಕೆಲಸಗಳಲ್ಲಿ ಉತ್ತರ ಮೆದುವಾಗಬಾರದು. ಅನರ್ಹರಾಗಿದ್ದರೆ ‘ಮುಂದಿನ ಪರಿಶೀಲನೆಯವರೆಗೆ ವಾಹನ ಚಲಾಯಿಸಬಾರದು’ ಎಂದು ಸ್ಪಷ್ಟವಾಗಿ ಬರೆಯಿರಿ, ಕಾರಣ ಬೇಕಿಲ್ಲ. ರೋಗಿ ಒಪ್ಪದೆ ಹೋದರೆ, ಇತರರ ಜೀವಕ್ಕೆ ನಿಜವಾದ ಗಂಭೀರ ಅಪಾಯವೂ ಕಂಡರೆ, ಆಯಾ ಕಾನೂನು ಅನುಮತಿಸಿದಷ್ಟನ್ನು ಮಾತ್ರ ತಿಳಿಸಬಹುದು. ಆಗಲೂ ಸಾಧ್ಯವಾದರೆ ಮೊದಲು ರೋಗಿಗೆ ಹೇಳಿ, ಹಿರಿಯರೊಬ್ಬರನ್ನು ಕೇಳಿ, ಕಾರಣವನ್ನು ಕಡತದಲ್ಲಿ ದಾಖಲಿಸಿ.

ಕೊನೆಯದಾಗಿ, ಪತ್ರವನ್ನು ರೋಗಿಯ ಕೈಗೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ‘ಏನಾಗಿತ್ತು ಸಾರ್, ನಮ್ಮೊಳಗೇ ಇರಲಿ’ ಎಂದು ಸಂಸ್ಥೆಯಿಂದ ಫೋನ್ ಬಂದರೆ, ಅವರು ನಿಮ್ಮ ರೋಗಿ ಹೌದೋ ಅಲ್ಲವೋ ಎಂಬುದನ್ನೂ ಹೇಳದೆ, ಪ್ರಶ್ನೆಯನ್ನು ಬರೆದು ಉದ್ಯೋಗಿಯ ಮೂಲಕವೇ ಕಳುಹಿಸುವಂತೆ ತಿಳಿಸಿ ಫೋನ್ ಇಡಿ.