ಎರಡು ಪವನಿನ ಸರಕ್ಕೆ ನಾಲ್ಕು ರೇಟು: ಲೆಕ್ಕ ಎಲ್ಲಿ ತಪ್ಪಿತು ಅಂತ ಹಿಡಿಯುವುದು ಹೇಗೆ?

ಮದುವೆ ಸೀಸನ್ ಶುರುವಾದ್ರೆ ನಮ್ಮ ಕಾಸರಗೋಡು ಕಡೆ ಮನೆಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳ. ಎರಡು ಪವನಿನ ಒಂದು ಸರ, 22 ಕ್ಯಾರೆಟ್, ಮಜೂರಿ 12 ಪರ್ಸೆಂಟ್, ಇಷ್ಟೇ ವಿಷಯ. ಭಾವ 2,21,491 ರೂಪಾಯಿ ಅಂತ ಹಾಕ್ತಾರೆ, ಅಕ್ಕ ಇಲ್ಲ 2,02,400 ಸಾಕು ಅಂತಾಳೆ, ಕಾಲೇಜಿಗೆ ಹೋಗುವ ಹುಡುಗ ಫೋನಿನ ಆ್ಯಪ್ ನೋಡಿ 2,03,456 ಅಂತಾನೆ, ಅಂಗಡಿಯ ಚೀಟಿಯಲ್ಲಿ 2,03,034 ಉಂಟು. ಎಲ್ಲರೂ ಅಂಗಡಿಯವನ ಮೇಲೆ ಡೌಟು ಪಡ್ತಾರೆ, ಆದ್ರೆ ಈ ನಾಲ್ಕರಲ್ಲಿ ಸರಿ ಇರುವುದು ಅವನದ್ದು ಮಾತ್ರ. ಉಳಿದ ಮೂವರು ಎಲ್ಲಿ ಎಡವಿದ್ರು ಅಂತ ಅವರ ಉತ್ತರವನ್ನೇ ಹಿಡಿದು ಕಂಡುಹಿಡಿಯಬಹುದು, ಅದಕ್ಕೆ ಒಂದು ಭಾಗಾಕಾರ ಸಾಕು.

(ಇಲ್ಲಿ ಹಾಕಿದ ರೇಟು ಇವತ್ತಿನದ್ದಲ್ಲ, ಲೆಕ್ಕ ಸುಲಭ ಆಗ್ಲಿ ಅಂತ ನಾನೇ ಇಟ್ಟುಕೊಂಡದ್ದು: 24 ಕ್ಯಾರೆಟ್ ಗ್ರಾಂಗೆ 12,000, 22 ಕ್ಯಾರೆಟ್ ಗ್ರಾಂಗೆ 11,000. ನೀವು ಅವತ್ತಿನ ರೇಟು ಹಾಕಿ.)

1. ಮೊದಲು ರೇಟನ್ನು 22 ಕ್ಯಾರೆಟ್, ಒಂದು ಗ್ರಾಂ ಅಂತ ಮಾಡಿಕೊಳ್ಳಿ

ಗಡಿಯಲ್ಲಿ ಇರುವ ನಮಗೆ ತೊಂದರೆ ಶುರುವಾಗುವುದೇ ಇಲ್ಲಿ. ಮಲಯಾಳಂ ಟಿವಿ ಹೇಳುವುದು ಪವನಿನ ರೇಟು, ಅಂದ್ರೆ 8 ಗ್ರಾಂ, ಅದೂ 22 ಕ್ಯಾರೆಟಿನದ್ದು. ಕನ್ನಡ ಸುದ್ದಿಯಲ್ಲಿ, ಗೂಗಲಿನಲ್ಲಿ ಹೆಚ್ಚಾಗಿ ಕಾಣುವುದು 10 ಗ್ರಾಂ 24 ಕ್ಯಾರೆಟಿನ ರೇಟು. ಎರಡನ್ನೂ ಒಂದೇ ದಿನ ನೋಡಿದವರಿಗೆ ಒಂದು ಕಡೆ 88,000, ಇನ್ನೊಂದು ಕಡೆ 1,20,000 ಕಾಣ್ತದೆ, ಅಲ್ಲಿಗೆ ‘ಕೇರಳದಲ್ಲಿ ಚೀಪು’ ಅಂತ ತೀರ್ಮಾನ ಆಗ್ತದೆ. ಚೀಪೂ ಇಲ್ಲ ಎಂತದ್ದೂ ಇಲ್ಲ, ಎರಡೂ ಒಂದೇ ರೇಟು. 22 ಕ್ಯಾರೆಟ್ ಅಂದ್ರೆ 24 ಭಾಗದಲ್ಲಿ 22 ಭಾಗ ಚಿನ್ನ, ಉಳಿದ 2 ಭಾಗ ತಾಮ್ರ, ಬೆಳ್ಳಿ ಇತ್ಯಾದಿ. ಹಾಗಾಗಿ 10 ಗ್ರಾಂ 24 ಕ್ಯಾರೆಟಿನ ರೇಟನ್ನು 15ರಿಂದ ಭಾಗಿಸಿ 11ರಿಂದ ಗುಣಿಸಿದ್ರೆ ಪವನಿನ ರೇಟು ಸಿಗ್ತದೆ: 1,20,000 ಭಾಗಿಸು 15 ಅಂದ್ರೆ 8,000, ಗುಣಿಸು 11 ಅಂದ್ರೆ 88,000. ನಿಜವಾದ ಮಾರುಕಟ್ಟೆಯಲ್ಲಿ ನಾಲ್ಕಾರು ರೂಪಾಯಿ ಆಚೀಚೆ ಇರ್ತದೆ, ಕೆಲವರು 22/24ರ ಬದಲು 0.916 ಹಾಕ್ತಾರೆ, ಆಗ ಗ್ರಾಂಗೆ 10,992 ಬರ್ತದೆ, ಎರಡು ಪವನಿಗೆ 128 ರೂಪಾಯಿ ವ್ಯತ್ಯಾಸ. ಅದು ಮೋಸ ಅಲ್ಲ, ಅದಕ್ಕೆ ಜಗಳ ಮಾಡ್ಬೇಡಿ.

ಒಮ್ಮೆ ಗ್ರಾಂಗೆ 11,000 ಅಂತ ಆದ ಮೇಲೆ ಕ್ಯಾರೆಟ್ ಎನ್ನುವ ವಿಷಯ ಮುಗೀತು. ಮತ್ತೆ ಅದನ್ನು ಮುಟ್ಟುವ ಹಾಗಿಲ್ಲ.

2. ತೂಕ

ಬರೀ ಚಿನ್ನದ ತೂಕ ಬೇಕು, ಬಿಲ್ಲಿನಲ್ಲಿ ನೆಟ್ ವೇಯ್ಟ್ ಅಂತ ಇರ್ತದೆ. ಸಾದಾ ಸರ ಆದ್ರೆ ತೂಗಿದ್ದೇ ತೂಕ, ಕರಿಮಣಿ ಸರಕ್ಕೆ ಮಣಿಯ ತೂಕ, ಕಲ್ಲಿನ ನೆಕ್ಲೇಸಿಗೆ ಕಲ್ಲಿನ ತೂಕ ಕಳೀಬೇಕು. ನಮ್ಮದು ಸಾದಾ ಸರ, 16 ಗ್ರಾಂ.

3. ಸರಿಯಾದ ಲೆಕ್ಕ

ಚಿನ್ನದ ಬೆಲೆ, ಅದರ ಮೇಲೆ ಮಜೂರಿ, ಆಮೇಲೆ ಎರಡೂ ಸೇರಿದ ಮೊತ್ತದ ಮೇಲೆ 3 ಪರ್ಸೆಂಟ್ ಜಿಎಸ್‌ಟಿ.

```
16 × 11000   = 176000
176000 × 1.12 = 197120
197120 × 1.03 = 203033.60
```

ಕ್ಯಾಲ್ಕುಲೇಟರಿನ ಪರ್ಸೆಂಟ್ ಬಟನ್ ಒತ್ತಲೇಬೇಡಿ. ಒಂದೊಂದು ಫೋನಿನಲ್ಲಿ ಅದು ಒಂದೊಂದು ಥರ ಮಾಡ್ತದೆ. 1.12, 1.03 ಅಂತ ಗುಣಿಸುವುದೇ ಒಳ್ಳೇದು. ಮಜೂರಿಗೆ ನಮ್ಮಲ್ಲಿ ಪಣಿಕೂಲಿ ಅಂತಾರೆ, ಕೆಲವು ಕಡೆ ವೇಸ್ಟೇಜ್ ಅಂತ ಗ್ರಾಂ ಲೆಕ್ಕದಲ್ಲಿ ಬರೀತಾರೆ: 16 ಗ್ರಾಮಿಗೆ 12 ಪರ್ಸೆಂಟ್ ಅಂದ್ರೆ 1.92 ಗ್ರಾಂ, ಗುಣಿಸು 11,000, ಅದೇ 21,120. ಹೆಸರು ಯಾವುದಾದ್ರೂ ಸರಿ, ಆದ್ರೆ ಒಂದೇ ಚೀಟಿಯಲ್ಲಿ ವೇಸ್ಟೇಜೂ ಮಜೂರಿಯೂ ಎರಡೂ ಇದ್ರೆ ಮಾತ್ರ ಅಲ್ಲೇ ನಿಂತು ಕೇಳಿ, ಯಾಕಂದ್ರೆ ಬಾಯಲ್ಲಿ ಹೇಳಿದ್ದು ಹೆಚ್ಚಾಗಿ ಅದರಲ್ಲಿ ಒಂದು ಮಾತ್ರ.

4. ಈಗ ಉತ್ತರವನ್ನು ಹಿಂದಕ್ಕೆ ಓಡಿಸಿ

ಎಲ್ರೂ ಎಡವುವುದು ಇಲ್ಲೇ. ಉತ್ತರ ಸರಿಯಾ ಅಂತ ನೋಡ್ಲಿಕ್ಕೆ ಅದೇ ಲೆಕ್ಕವನ್ನು ಅದೇ ಥರ ಇನ್ನೊಮ್ಮೆ ಮಾಡ್ತಾರೆ, ಅದೇ ತಪ್ಪು ಇನ್ನೊಮ್ಮೆ ಬರ್ತದೆ, ಎರಡು ಸಲ ಒಂದೇ ಉತ್ತರ ಬಂತು ಅಂತ ಖುಷಿ ಬೇರೆ. ಹಾಗಲ್ಲ. ಅವರು ಕೊಟ್ಟ ಒಟ್ಟು ಮೊತ್ತವನ್ನು ಬರೀ ಚಿನ್ನದ ಬೆಲೆಯಿಂದ, ಅಂದ್ರೆ ನಮ್ಮ 1,76,000ದಿಂದ ಭಾಗಿಸಿ. ಸರಿಯಾದ ಉತ್ತರಕ್ಕೆ 1.12 ಗುಣಿಸು 1.03, ಅಂದ್ರೆ 1.1536 ಬರ್ಬೇಕು. ಮಜೂರಿ 8 ಪರ್ಸೆಂಟ್ ಆದ್ರೆ 1.1124, 18 ಆದ್ರೆ 1.2154. ಬೇರೆ ಎಂತಾದ್ರೂ ಬಂದ್ರೆ ಆ ಸಂಖ್ಯೆಯೇ ತಪ್ಪು ಎಲ್ಲಿ ಅಂತ ಹೇಳ್ತದೆ.

ಭಾವನ 2,21,491 ತಗೊಳ್ಳಿ. ಭಾಗಿಸಿದ್ರೆ 1.2585. ಇದನ್ನು 1.1536ರಿಂದ ಭಾಗಿಸಿ, 1.0909 ಬರ್ತದೆ. 24 ಭಾಗಿಸು 22 ಅಂದ್ರೆ ಅಷ್ಟೇ. ಭಾವ 22 ಕ್ಯಾರೆಟಿನ ಸರಕ್ಕೆ ಗೂಗಲಿನ 24 ಕ್ಯಾರೆಟ್ ರೇಟು ಹಾಕಿದ್ದಾರೆ, ಹದಿನೆಂಟು ಸಾವಿರದ ಮೇಲೆ ಜಾಸ್ತಿ ಆಗಿದೆ. ಮಜೂರಿ, ಟ್ಯಾಕ್ಸ್ ಎರಡೂ ಆ ಜಾಸ್ತಿ ರೇಟಿನ ಮೇಲೆಯೇ ಕೂತಿರುವುದರಿಂದ ತಪ್ಪು ಬೆಳೀತಾ ಹೋಗ್ತದೆ, ಆದ್ರೆ 1.0909 ಎನ್ನುವ ಗುರುತು ಅಳಿಸಿಹೋಗುವುದಿಲ್ಲ.

ಇದರ ಉಲ್ಟಾ ತಪ್ಪು ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಕಲಿತವರದ್ದು. 22 ಕ್ಯಾರೆಟ್ ಅಂದ ಕೂಡಲೆ ಅವರ ಕೈ 22/24ಕ್ಕೆ ಹೋಗ್ತದೆ, ಅಂಗಡಿಯ ಬೋರ್ಡಿನಲ್ಲಿ ಇರುವುದು ಮೊದಲೇ 22ರ ರೇಟು ಅಂತ ಮರ್ತು ಅದಕ್ಕೇ ಇನ್ನೊಮ್ಮೆ ಕಡಿಮೆ ಮಾಡ್ತಾರೆ. ಉತ್ತರ 1,86,114 ಬರ್ತದೆ, ಭಾಗಿಸಿದ್ರೆ 1.0575. ಅದರಲ್ಲಿ 3 ಟ್ಯಾಕ್ಸಿಗೆ ಹೋದ್ರೆ ಮಜೂರಿಗೆ ಉಳಿಯುವುದು ಮೂರಕ್ಕೂ ಕಡಿಮೆ, ನೀವು 12 ಅಂತ ಒಪ್ಪಿದ್ದು. ಈ ತಪ್ಪು ಮಾಡಿದವರು ಮನೆಯಿಂದ ಸುಮಾರು ಹದಿನೇಳು ಸಾವಿರ ಕಡಿಮೆ ತಗೊಂಡು ಹೋಗಿ ಕೌಂಟರಿನಲ್ಲಿ ಮುಖ ಮುಖ ನೋಡ್ತಾರೆ.

ಅಕ್ಕನ 2,02,400 ಭಾಗಿಸಿದ್ರೆ ಸರೀ 1.15. ಇಷ್ಟು ನೀಟಾದ ಸಂಖ್ಯೆ ಕಂಡ್ರೆ ಅರ್ಥ ಮಾಡ್ಕೊಳ್ಳಿ, 12ಕ್ಕೆ 3 ಕೂಡಿಸಿ 15 ಮಾಡಿದ್ದು. ಇಲ್ಲದಿದ್ರೆ ಟ್ಯಾಕ್ಸನ್ನು ಬರೀ ಚಿನ್ನಕ್ಕೆ ಹಾಕಿ ಮಜೂರಿಗೆ ಬಿಟ್ಟದ್ದು, ಎರಡರಲ್ಲಿ ಯಾವುದು ಮಾಡಿದ್ರೂ ಉತ್ತರ ಒಂದೇ. ಬಿಟ್ಟುಹೋದ್ದು ಮಜೂರಿಯ 21,120ರ ಮೇಲಿನ 3 ಪರ್ಸೆಂಟ್, ಅಂದ್ರೆ 633 ರೂಪಾಯಿ 60 ಪೈಸೆ. ಸಣ್ಣದ್ದು ಸರಿ, ಆದ್ರೆ ಅಂಗಡಿಯವನು ಎತ್ತಿಕೊಂಡ ಅಂತ ಅವನಿಗೆ ಬೈಯುವುದು ಇದೇ ಆರ್ನೂರಕ್ಕೆ.

ಹುಡುಗನ 2,03,456ಕ್ಕೆ 1.156 ಬರ್ತದೆ. ಅವನ ಆ್ಯಪ್ ಚಿನ್ನಕ್ಕೆ 3, ಮಜೂರಿಗೆ 5 ಪರ್ಸೆಂಟ್ ಅಂತ ಬೇರೆ ಬೇರೆ ಹಾಕಿದೆ. ಇಂಥ ಗೋಲ್ಡ್ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟು ಉಂಟು, ನಾನಂತೂ ಯಾವುದನ್ನೂ ಫೋನಿನಲ್ಲಿ ಇಡುವುದಿಲ್ಲ. ಆ 5 ಪರ್ಸೆಂಟ್ ಸುಳ್ಳಲ್ಲ, ಅಂಗಡಿಯವನು ತನ್ನ ಚಿನ್ನ ಕೊಟ್ಟು ಆಚಾರಿ ಹತ್ರ ಕೆಲಸ ಮಾಡಿಸಿದಾಗ ಆ ಕೂಲಿಗೆ ಬೀಳುವ ಜಾಬ್ ವರ್ಕ್ ರೇಟು ಅದು. ಅಂಗಡಿಯಲ್ಲಿ ರೆಡಿ ಸರ ತಗೊಳ್ಳುವಾಗ ಚಿನ್ನವೂ ಮಜೂರಿಯೂ ಸೇರಿ ಒಂದೇ ವಸ್ತು, ಒಟ್ಟಿಗೆ 3. ಬಿಲ್ಲಿನಲ್ಲಿ ಅದು ಒಂದೂವರೆ ಒಂದೂವರೆ ಅಂತ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡು ಸಾಲಾಗಿ ಬರಬಹುದು, ಐಜಿಎಸ್‌ಟಿ 3 ಅಂತ ಒಂದೇ ಸಾಲೂ ಇರಬಹುದು. ಮಂಗಳೂರಿಗೆ ಹೋಗಿ ತಗೊಂಡ್ರೂ ಕಾಸರಗೋಡಿನಲ್ಲೇ ತಗೊಂಡ್ರೂ ಟ್ಯಾಕ್ಸಿನ ಒಟ್ಟು ಅಷ್ಟೇ, ಟ್ಯಾಕ್ಸ್ ಉಳಿಸ್ಲಿಕ್ಕೆ ಅಂತ ರೈಲು ಹತ್ತಬೇಕಾಗಿಲ್ಲ. ಹಳೆಯ ಬಿಲ್ಲು ಎದುರಿಟ್ಟು ಹೋಲಿಸುವವರು ಗಮನಿಸಿ, ಕೇರಳದ ಬಿಲ್ಲಿನಲ್ಲಿ ಫ್ಲಡ್ ಸೆಸ್ ಅಂತ ಒಂದು ಸಾಲು ಇರ್ತಿತ್ತು, ಅದು 2021ರ ಜುಲೈ ಕೊನೆಗೆ ನಿಂತಿದೆ, ಈಗ ಇರಬಾರದು.

5. ‘ಮಜೂರಿ ಬರೀ 3 ಪರ್ಸೆಂಟ್’ ಅಂತ ಕಂಡ್ರೆ

ಭಾಗಾಕಾರ ಇನ್ನೂ ಹೆಚ್ಚು ಉಪಯೋಗ ಆಗುವುದು ಇಲ್ಲಿ. ಆಫರ್ ಬೋರ್ಡ್ ನೋಡಿ ಒಳಗೆ ಹೋಗ್ತೀರಿ, ಮಜೂರಿ ನಿಜಕ್ಕೂ 3 ಅಂತಲೇ ಬರ್ದಿರ್ತದೆ, ಆದ್ರೆ ಗ್ರಾಂ ರೇಟು ಮಾತ್ರ 12,000. ಲೆಕ್ಕ ಹಾಕಿ: 16 ಗುಣಿಸು 12,000 ಗುಣಿಸು 1.03 ಗುಣಿಸು 1.03, ಬರುವುದು 2,03,693. 12 ಪರ್ಸೆಂಟ್ ಮಜೂರಿಯ ಅಂಗಡಿಗಿಂತ ಆರ್ನೂರು ಚಿಲ್ಲರೆ ಜಾಸ್ತಿಯೇ ಆಯ್ತು! ನೀವು ಅವರ 12,000 ರೇಟಿನ ಚಿನ್ನದ ಬೆಲೆ 1,92,000ದಿಂದ ಭಾಗಿಸಿದ್ರೆ 1.0609 ಬಂದು ಎಲ್ಲ ಸರಿ ಅಂತ ಕಾಣ್ತದೆ. ಹಾಗಾಗಿ ಭಾಗಿಸುವಾಗ ಚೀಟಿಯ ರೇಟು ಬೇಡ, ಅವತ್ತಿನ 22 ಕ್ಯಾರೆಟ್ ರೇಟನ್ನೇ ಹಿಡೀರಿ. ಆಗ 1.1573 ಬರ್ತದೆ, ಅದನ್ನು 1.03ರಿಂದ ಭಾಗಿಸಿದ್ರೆ 1.1236. ಅಂದ್ರೆ ಮಜೂರಿ ಅಂತ ನೀವು ಕೊಡ್ತಾ ಇರುವುದು ಹತ್ತಿರ ಹತ್ತಿರ 12.4 ಪರ್ಸೆಂಟ್. ಎರಡು ಅಂಗಡಿ ಹೋಲಿಸುವಾಗ ನಾನು ನೋಡುವುದು ಈ ಒಂದು ಸಂಖ್ಯೆ ಮಾತ್ರ, ಬೋರ್ಡಿನ ಪರ್ಸೆಂಟ್ ಅಲ್ಲ.

ತೂಕವೇ ತಪ್ಪಾಗಿದ್ರೆ, ಚಿನ್ನವೇ 22 ಅಲ್ಲದಿದ್ರೆ ಇದರಿಂದ ಗೊತ್ತಾಗುವುದಿಲ್ಲ. ತೂಕವನ್ನು ಕಣ್ಣೆದುರು ಹಾಕಿಸಿ. ಶುದ್ಧತೆಗೆ ಬಿಐಎಸ್ ಗುರುತು, 22K916 ಮತ್ತು ಆರು ಅಕ್ಷರ-ಅಂಕಿಯ ಹೆಚ್‌ಯುಐಡಿ ಇದೆಯಾ ನೋಡಿ, ಆ ನಂಬರನ್ನು BIS Care ಆ್ಯಪಿನಲ್ಲಿ ಹಾಕಿದ್ರೆ ಯಾವ ಥರದ ಒಡವೆ, ಎಷ್ಟು ಶುದ್ಧ ಅಂತ ತೋರಿಸ್ತದೆ. ಈ ಆ್ಯಪ್ ಮಾತ್ರ ಇಟ್ಟುಕೊಳ್ಳಬಹುದು. 2023ರ ಏಪ್ರಿಲ್ 1ರಿಂದ ಹೆಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ, ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಉಂಟು.

6. ಕೊನೆಯ ಚಿಲ್ಲರೆ

ಇಷ್ಟೆಲ್ಲ ಸರಿ ಬಂದ್ರೂ ಐವತ್ತು ರೂಪಾಯಿ ಜಾಸ್ತಿ ಕಂಡ್ರೆ ಅದು ಹಾಲ್‌ಮಾರ್ಕ್ ಚಾರ್ಜ್: ಒಂದು ಒಡವೆಗೆ 45 ರೂಪಾಯಿ, ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 53 ರೂಪಾಯಿ 10 ಪೈಸೆ. ತೂಕ ಎಷ್ಟಿದ್ರೂ ಇದು ಅಷ್ಟೇ, ಲೆಕ್ಕ ಪೀಸಿಗೆ. ನಾಲ್ಕು ಬಳೆ ಆದ್ರೆ ನಾಲ್ಕು ಸಲ ಬರ್ತದೆ, ನಮ್ಮ ಸರಕ್ಕೆ ಒಂದೇ ಸಲ. ಹಾಗಾಗಿ ಈ ಸರದ ಬಿಲ್ಲು 2,03,087 ಅಂತ ಬಂದ್ರೆ ದುಡ್ಡು ಕೊಟ್ಟು ಬನ್ನಿ, 2,05,000 ಅಂತ ರೌಂಡ್ ಮಾಡಿ ಹೇಳಿದ್ರೆ ಕೂತುಕೊಂಡು ಸಾಲುಸಾಲಾಗಿ ಪಕ್ಕಾ ಬಿಲ್ಲು ಹಾಕಿಸಿ.