ಎಸರು ಚೆಲ್ಲಿ ಕೈ ಸುಟ್ಟರೆ: ಮೊದಲ 20 ನಿಮಿಷ

ಜೋಳದ ಹಿಟ್ಟಿಗೆ ಎಸರು ಹಾಕುವಾಗ ಭಗೋಣಿ ಜಾರಿ ಕುದಿಯುವ ನೀರು ಮಣಿಕಟ್ಟಿನಿಂದ ಮೊಣಕೈವರೆಗೆ ಹರಿದುಬಿಡುತ್ತದೆ. ಕೂಗು ಕೇಳಿ ಮನೆಮಂದಿಯೆಲ್ಲ ಓಡಿ ಬರುತ್ತಾರೆ. "ಲಗೂನ ಪೇಸ್ಟ್ ತಗೊಂಡ್ ಬಾ" ಎಂದು ಒಬ್ಬರು, "ಬೆಣ್ಣಿ ಹಚ್ರಿ ಅಕ್ಕಾ, ತಂಪಾಗ್ತದ" ಎಂದು ಇನ್ನೊಬ್ಬರು. ಈ ಗಡಿಬಿಡಿಯಲ್ಲಿ ನೀರು ಹಾಕುವ ಕೆಲಸ ಎರಡು ತಂಬಿಗೆಗೆ ಮುಗಿದುಹೋಗುತ್ತದೆ. ಗಾಯ ಆಳವಾಗುವುದು ಬಹಳ ಸಲ ಇಲ್ಲಿಯೇ.

ಎಸರು ನೆಲಕ್ಕೆ ಹರಿದುಹೋದರೂ ಅದರ ಶಾಖ ಚರ್ಮದೊಳಗೆ ಉಳಿದಿರುತ್ತದೆ. ಒಲೆ ಆರಿಸಿದ ಮೇಲೂ ಹಂಚಿನ ಮೇಲೆ ಬಿಟ್ಟ ರೊಟ್ಟಿ ಹೇಗೆ ಸೀಯುತ್ತದೋ, ಒಳಗಿನ ಪದರಗಳೂ ಹಾಗೆಯೇ ಬೇಯುತ್ತ ಹೋಗುತ್ತವೆ. ಆ ಶಾಖವನ್ನು ಹೊರಗೆ ತೆಗೆಯುವುದೇ ಪ್ರಥಮ ಚಿಕಿತ್ಸೆ. ಅದಕ್ಕೆ ಬೇಕಾದದ್ದು ತಂಪು ನೀರು, 20 ನಿಮಿಷ.

ಮೊದಲು ಬಟ್ಟೆ, ಬಳೆ

ಒಲೆ ಆರಿಸಿ, ಗಾಯಗೊಂಡವರನ್ನು ಅಲ್ಲಿಂದ ದೂರ ಕರೆತನ್ನಿ. ತೋಳಿನ ಬಟ್ಟೆ ಬಿಸಿನೀರು ಹೀರಿಕೊಂಡಿದ್ದರೆ ಕೂಡಲೇ ತೆಗೆಯಿರಿ, ಬಾರದಿದ್ದರೆ ಕತ್ತರಿಸಿ. ಚರ್ಮಕ್ಕೆ ಅಂಟಿಕೊಂಡಿದ್ದನ್ನು ಮಾತ್ರ ಎಳೆಯಬೇಡಿ. ಅಂಟಿದ ಭಾಗವನ್ನು ಹಾಗೆಯೇ ಬಿಟ್ಟು ಸುತ್ತಲಿನದನ್ನು ಕತ್ತರಿಸಿ, ಅದರ ಮೇಲೆಯೇ ನೀರು ಬಿಡಿ.

ನೀರು ಬಿದ್ದ ಕೂಡಲೇ ಬಳೆ, ಉಂಗುರ, ಗಡಿಯಾರ ತೆಗೆಯಿರಿ. ಕಾಲು ಸುಟ್ಟಿದ್ದರೆ ಕಾಲುಂಗುರ, ಗೆಜ್ಜೆ. ಸುಟ್ಟ ಕೈ ಬೇಗ ಬಾವು ಬರುತ್ತದೆ. ಬಾವು ಬಂದ ಮೇಲೆ ಬಳೆ ಕೈಯನ್ನು ಬಿಗಿದು ಬೆರಳುಗಳಿಗೆ ರಕ್ತ ಹೋಗದಂತೆ ಮಾಡುತ್ತದೆ. ಮುತ್ತೈದೆಯರು ಬಳೆ ತೆಗೆಯಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲಿ ಹತ್ತು ನಿಮಿಷ ಕಳೆದರೆ ಮುಂದೆ ತೆಗೆಯುವುದೇ ಕಷ್ಟವಾಗುತ್ತದೆ. ಒದ್ದೆ ಕೈಯಿಂದ ಜಾರದಿದ್ದರೆ ಬಲವಂತ ಮಾಡಬೇಡಿ, ಸುಟ್ಟ ಚರ್ಮ ಕಿತ್ತುಬರುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ.

ನೀರು, ಆದರೆ ಯಾವ ನೀರು?

ನಳದ ಕೆಳಗೆ ಕೈ ಹಿಡಿಯಿರಿ ಎನ್ನುವುದು ಎಲ್ಲರೂ ಹೇಳುವ ಮಾತು. ಆದರೆ ಏಪ್ರಿಲ್‌, ಮೇ ತಿಂಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಮಧ್ಯಾಹ್ನದಲ್ಲಿ ತಾರಸಿಯ ಟ್ಯಾಂಕಿನಿಂದ ಬರುವ ನೀರಿಗೆ ಕೈಯಿಟ್ಟು ನೋಡಿ. ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಣ್ಣಗೆ ಬರುತ್ತದೆ ಎಂದು ಕಾಯುವುದೂ ವ್ಯರ್ಥ, ಏಕೆಂದರೆ ಕಾದಿರುವುದು ಪೈಪು ಮಾತ್ರವಲ್ಲ, ಇಡೀ ಟ್ಯಾಂಕು. ಅಂಥ ನೀರಿನಲ್ಲಿ ಅರ್ಧ ತಾಸು ಕೈ ಹಿಡಿದರೂ ಶಾಖ ಸರಿಯಾಗಿ ಇಳಿಯುವುದಿಲ್ಲ.

ಪರೀಕ್ಷೆ ಸುಲಭ. ನಿಮ್ಮ ಸುಡದ ಮಣಿಕಟ್ಟಿನ ಒಳಭಾಗಕ್ಕೆ ಆ ನೀರು ಬಿಡಿ. ಸ್ಪಷ್ಟವಾಗಿ ತಂಪು ಅನಿಸಬೇಕು, ಆದರೆ ಕೊರೆಯಬಾರದು. ಉಗುರುಬೆಚ್ಚಗೆ ಇದ್ದರೆ ಬೇರೆ ನೀರು ಹುಡುಕಿ. ನೆಲದೊಳಗಿನ ಸಂಪಿನ ನೀರು, ಬೋರಿನಿಂದ ಆಗಷ್ಟೇ ಬಂದ ನೀರು, ಹರವಿಯ ನೀರು, ಈ ಮೂರೂ ಟ್ಯಾಂಕಿನ ನೀರಿಗಿಂತ ತಂಪು. ನಮ್ಮ ಒಣಹವೆಯಲ್ಲಿ ಮಣ್ಣಿನ ಹರವಿ ಚೆನ್ನಾಗಿ ತಣಿಯುತ್ತದೆ. ಬೇಸಿಗೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಒಂದು ಹರವಿ ತುಂಬಿಡುವುದು ಕುಡಿಯಲಿಕ್ಕೆ ಮಾತ್ರವಲ್ಲ, ಇಂಥ ಹೊತ್ತಿಗೂ ಬೇಕೇಬೇಕು.

ಫ್ರಿಜ್ ಇದ್ದರೆ ಬೆರೆಸಿಕೊಳ್ಳಬಹುದು, ಆದರೆ ಒಂದು ಬಾಟಲಿ ಸುರಿದು ನೀರು ತಣ್ಣಗಾಯಿತೆಂದು ತಿಳಿಯಬೇಡಿ. 35 ಡಿಗ್ರಿಯ 9 ಲೀಟರ್ ನೀರಿಗೆ ಫ್ರಿಜ್ಜಿನ 1 ಲೀಟರ್ ಹಾಕಿದರೆ 3 ಡಿಗ್ರಿಯಷ್ಟೇ ಇಳಿಯುತ್ತದೆ. 7 ಲೀಟರಿಗೆ 3 ಲೀಟರ್ ಹಾಕಿದರೆ ಸುಮಾರು 26ಕ್ಕೆ ಬರುತ್ತದೆ, ಅದು ಕೆಲಸಕ್ಕೆ ಬರುತ್ತದೆ. ಐಸನ್ನು ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಬಳಸಿದರೆ ತೊಂದರೆಯಿಲ್ಲ. ಗಾಯದ ಮೇಲೆ ಐಸ್ ಇಡುವುದು ಮಾತ್ರ ಬೇಡವೇ ಬೇಡ. ಅದು ಸುಟ್ಟ ಜಾಗದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬದುಕಬಹುದಾಗಿದ್ದ ಚರ್ಮವೂ ರಕ್ತವಿಲ್ಲದೆ ಸಾಯುತ್ತದೆ.

ಇನ್ನು ನೀರಿನ ಪ್ರಮಾಣ. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ 20 ನಿಮಿಷ ನೀರು ಹರಿಬಿಡಿ ಎಂದರೆ ಯಾರಿಗೂ ಕೈ ಬರುವುದಿಲ್ಲ. ಅದಕ್ಕೇ ಎರಡು ತಂಬಿಗೆಗೆ ನಿಲ್ಲಿಸಿಬಿಡುತ್ತಾರೆ. ಆದರೆ ನಳ ಜೋರಾಗಿ ಬಿಡುವ ಅಗತ್ಯವೇ ಇಲ್ಲ. ಜೋರು ಧಾರೆ ಗುಳ್ಳೆ ಒಡೆಯುತ್ತದೆ, ನೋವನ್ನೂ ಹೆಚ್ಚಿಸುತ್ತದೆ. ಸುಟ್ಟ ಕೈಯನ್ನು ದೊಡ್ಡ ಬುಟ್ಟಿ ಅಥವಾ ಪರಾತದ ಮೇಲೆ ಹಿಡಿದು, ತಂಬಿಗೆಯಿಂದ ಸಣ್ಣ ಧಾರೆಯಾಗಿ ಮೊಣಕೈಯಿಂದ ಕೆಳಗೆ ಬಿಡುತ್ತ ಹೋಗಿ. ನಿಮಿಷಕ್ಕೆ ಒಂದು ಲೀಟರಿನಂತೆ ಒಂದು ದೊಡ್ಡ ಬಕೆಟ್ ಸಾಕು. ಇಬ್ಬರಿದ್ದರೆ ಒಬ್ಬರು ನೀರು ಬಿಡಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಗಡಿಯಾರ ನೋಡದೆ ಅಂದಾಜಿನಲ್ಲಿ ಬಿಟ್ಟವರು ಐದೇ ನಿಮಿಷಕ್ಕೆ "ಸಾಕಾತು" ಎನ್ನುತ್ತಾರೆ. ಉರಿ ಇಳಿದ ಮಾತ್ರಕ್ಕೆ ನಿಲ್ಲಿಸಬೇಡಿ. ಕೈ ತೆಗೆದ ಸ್ವಲ್ಪ ಹೊತ್ತಿನಲ್ಲಿ ಉರಿ ಮರಳಿ ಬಂದರೆ ಒಳಗಿನ ಶಾಖ ಇನ್ನೂ ಇದೆಯೆಂದೇ ಅರ್ಥ.

ಅಷ್ಟು ನೀರೂ ಇಲ್ಲದಿದ್ದರೆ ತೊಳೆದ ಹಳೆಯ ಧೋತರವನ್ನು ತಂಪು ನೀರಿನಲ್ಲಿ ಅದ್ದಿ ಒಂದೇ ಪದರ ಹೊದಿಸಿ, ಫ್ಯಾನಿನ ಕೆಳಗೆ ಕೂರಿಸಿ, ಎರಡು ಮೂರು ನಿಮಿಷಕ್ಕೊಮ್ಮೆ ಮತ್ತೆ ಅದ್ದಿ. ಇದು ಹರಿಯುವ ನೀರಿಗಿಂತ ಕಡಿಮೆ. ದಪ್ಪ ಟವೆಲನ್ನು ಸುತ್ತಿ ಬಿಟ್ಟುಬಿಟ್ಟರೆ ಅದೇ ಬೆಚ್ಚಗಾಗಿ ಶಾಖ ಹಿಡಿದಿಡುತ್ತದೆ.

ತಡವಾದರೂ ಬಿಡಬೇಡಿ. ಸುಟ್ಟ ಮೂರು ತಾಸಿನೊಳಗೆ ನೀರು ಹಾಕಿದರೂ ಪ್ರಯೋಜನವಿದೆ. ಹೊಲದಿಂದಲೋ ತಾಂಡಾದಿಂದಲೋ ಬರುವವರು ಮೊದಲು ಸಿಕ್ಕ ತಂಪು ನೀರಿನಲ್ಲಿ ಈ ಕೆಲಸ ಮುಗಿಸಿಕೊಂಡೇ ಹೊರಡಲಿ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಚಹಾದ ಕಪ್ ಎಳೆದುಕೊಂಡು ಎದೆ, ಹೊಟ್ಟೆ ಸುಟ್ಟುಕೊಂಡ ಮಗುವಿಗೆ ಮೈತುಂಬ ನೀರು ಸುರಿದರೆ ಬೇಗ ಮೈ ತಣ್ಣಗಾಗುತ್ತದೆ. ಸುಟ್ಟ ಜಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಒಣ ಕೌದಿ. ಮಗು ನಡುಗಲು ಶುರುಮಾಡಿದರೆ ನೀರು ನಿಲ್ಲಿಸಿ, ಒರೆಸಿ, ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಹೊರಡಿ.

ಪೇಸ್ಟ್, ಬೆಣ್ಣೆ ಯಾಕೆ ಬೇಡ

ಟೂತ್‌ಪೇಸ್ಟ್ ಹಚ್ಚಿದ ಕೂಡಲೇ ತಂಪು ಅನಿಸುವುದು ನಿಜ. ಅದು ಪುದೀನ ಜಾತಿಯ ಮೆಂಥಾಲ್ ನರಗಳಿಗೆ ಕೊಡುವ ಅನುಭವ, ಚರ್ಮದ ಶಾಖ ಇಳಿದಿರುವುದಿಲ್ಲ. ತಂಪಾಯಿತೆಂದು ನಂಬಿ ನೀರು ನಿಲ್ಲಿಸುತ್ತಾರಲ್ಲ, ಪೇಸ್ಟಿನ ಮೊದಲ ಹಾನಿ ಅದೇ. ಎರಡನೆಯದು, ಅದರಲ್ಲಿರುವ ಸುಣ್ಣದಂಥ ಪುಡಿ ಮತ್ತು ನೊರೆಯ ಸಾಬೂನು ಒಣಗಿ ಗಾಯಕ್ಕೆ ಕಚ್ಚಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯದೆ ಗಾಯದ ಆಳ ಕಾಣುವುದಿಲ್ಲ. ಕೆರೆಯುವಾಗ ಆಗುವ ನೋವು ಸುಟ್ಟ ನೋವಿಗೇನೂ ಕಡಿಮೆಯಲ್ಲ.

ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಗಾಯದ ಮೇಲೆ ಜಿಡ್ಡಿನ ಪೊರೆ ಕಟ್ಟಿ ಶಾಖ ಹೊರಬರದಂತೆ ತಡೆಯುತ್ತವೆ. ಮನೆಯ ಬೆಣ್ಣೆಯಲ್ಲಿ ಸೂಕ್ಷ್ಮಜೀವಿಗಳೂ ಇರುತ್ತವೆ, ಸುಟ್ಟ ಚರ್ಮಕ್ಕೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಅರಿಶಿಣ, ಕಾಫಿಪುಡಿ, ಶಾಯಿ ಬಣ್ಣ ಹಿಡಿಸಿ ಗಾಯ ಕೆಂಪಗಿದೆಯೋ ಬೆಳ್ಳಗಿದೆಯೋ ಗೊತ್ತಾಗದಂತೆ ಮಾಡುತ್ತವೆ. ವೈದ್ಯರು ಮೊದಲು ನೋಡುವುದೇ ಆ ಬಣ್ಣವನ್ನು. ಮೆಡಿಕಲ್‌ನಲ್ಲಿ ಸಿಗುವ ಸುಟ್ಟಗಾಯದ ಹಳದಿ, ಬಿಳಿ ಮುಲಾಮುಗಳಿಗೂ ಇದೇ ಮಾತು. ವೈದ್ಯರು ನೋಡುವ ಮೊದಲು ಅವೂ ಬೇಡ. ಮನೆಯಲ್ಲಿ ಟ್ಯೂಬ್ ಇದ್ದರೆ ಕೈ ಅದಕ್ಕೇ ಹೋಗುತ್ತದೆ, ನೀರು ಹಿಂದೆ ಬೀಳುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಅದನ್ನು ಇಡದಿರುವುದೇ ಲೇಸು.

ಹಚ್ಚಿಬಿಟ್ಟಿದ್ದರೆ ಉಜ್ಜಬೇಡಿ. ಸಣ್ಣ ಧಾರೆಯ ನೀರಿನಲ್ಲಿ ಹೋದಷ್ಟು ಹೋಗಲಿ, 20 ನಿಮಿಷದ ಲೆಕ್ಕ ಅಲ್ಲಿಂದ ಶುರುಮಾಡಿ, ಏನು ಹಚ್ಚಿದ್ದೀರಿ ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಕೊಬ್ಬರಿ ಎಣ್ಣೆಗೂ ಒಂದು ಕಾಲವಿದೆ. ಗಾಯ ಪೂರ್ತಿ ಮಾಯ್ದು ಹೊಸ ಚರ್ಮ ಒಣಗಿ ಬಿಗಿಯುವಾಗ ಹಚ್ಚಬಹುದು.

ಮುಚ್ಚುವುದು, ಹೊರಡುವುದು

ತಣಿಸಿದ ಮೇಲೆ ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ. ಸುತ್ತ ಬಿಗಿದು ಕಟ್ಟಬೇಡಿ, ಬಾವು ಬಂದಾಗ ಅದು ಹಗ್ಗವಾಗುತ್ತದೆ. ಹಾಳೆ ಇಲ್ಲದಿದ್ದರೆ ತೊಳೆದ ನುಣುಪು ಧೋತರ ಸಡಿಲವಾಗಿ ಹೊದಿಸಿ. ಹತ್ತಿ ಬೇಡ, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ. ಗುಳ್ಳೆ ಒಡೆಯಬೇಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರಿಗೆ 500 ಮಿ.ಗ್ರಾಂ. ಮಾತ್ರೆ. ಮಕ್ಕಳಿಗೆ ತೂಕದ ಲೆಕ್ಕ, ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ. ಮೀರಬಾರದು. ಸಿರಪ್ ಬಾಟಲಿಗಳ ಶಕ್ತಿ ಒಂದೇ ಇರುವುದಿಲ್ಲ, ಇಲ್ಲಿಯೇ ತಪ್ಪಾಗುವುದು. 10 ಕಿಲೋ ಮಗುವಿಗೆ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಇರುವ ಸಿರಪ್ಪಾದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ.

ಗಾಯಗೊಂಡವರದೇ ಅಂಗೈ, ಬೆರಳೂ ಸೇರಿ, ಮೈಯ ನೂರರಲ್ಲಿ ಸುಮಾರು ಒಂದು ಪಾಲು. ಗಾಯ ಆ ಅಳತೆ ಮೀರಿದರೆ ಆಸ್ಪತ್ರೆಗೆ ಹೋಗಲೇಬೇಕು. ನಮ್ಮ ಎಸರಿನ ಗಾಯ ಮಣಿಕಟ್ಟು ಮತ್ತು ಮೊಣಕೈ ಎರಡನ್ನೂ ಮುಟ್ಟಿದೆ, ಅಂಗೈಗಿಂತ ದೊಡ್ಡದೂ ಹೌದು, ಆದ್ದರಿಂದ ಇದು ಮನೆಯಲ್ಲಿ ನೋಡಿಕೊಳ್ಳುವ ಗಾಯವಲ್ಲ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಗಾಯ ಕೈಯನ್ನೋ ಕಾಲನ್ನೋ ಸುತ್ತುವರಿದಿದ್ದರೆ, ಸುಟ್ಟವರು ಸಣ್ಣ ಮಕ್ಕಳು, ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರಾಗಿದ್ದರೆ ಗಾತ್ರ ನೋಡುತ್ತ ಕೂರಬೇಡಿ. ಬಹಳ ಮೋಸಹೋಗುವುದು ನೋವಿಲ್ಲದ ಗಾಯದಲ್ಲಿ. ಬೆಳ್ಳಗೆ ಅಥವಾ ಕರ್ರಗೆ, ಬಿರುಸಾಗಿ, ಮುಟ್ಟಿದರೂ ತಿಳಿಯದಂತಿದ್ದರೆ ನರಗಳೇ ಸುಟ್ಟಿವೆ ಎಂದರ್ಥ. ಅದೇ ಎಲ್ಲಕ್ಕಿಂತ ಆಳದ ಗಾಯ.

ಗಾಯ ದೊಡ್ಡದಿದ್ದರೆ ನೀರು ಹಾಕುತ್ತಿರುವಾಗಲೇ 108ಕ್ಕೆ ಕರೆ ಮಾಡಿಸಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ದಾರಿಯುದ್ದಕ್ಕೂ ಕೈ ಎದೆಗಿಂತ ಮೇಲಿರಲಿ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಹೊದಿಸಿದ್ದನ್ನು ಸಡಿಲಿಸಿ. ಹೋದ ಕೂಡಲೇ ಹೇಳಬೇಕಾದದ್ದು ಇಷ್ಟು: ಏನು ಚೆಲ್ಲಿತು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ನೀರು ಹಾಕಿದಿರಿ, ಏನು ಹಚ್ಚಿದಿರಿ, ಟಿ.ಟಿ. ಇಂಜೆಕ್ಷನ್ ಕೊನೆಯ ಸಲ ಯಾವಾಗ ಆಗಿತ್ತು.