ಹತ್ತಲ್ಲ, ಮೂವತ್ತಲ್ಲ, ಏಳು ದಿನ: ಬೇಕರಿಯ ಲೆಕ್ಕದಲ್ಲಿ ನನ್ನ ಅನುಭವ

ಹಾಸನದಲ್ಲಿ ನಮ್ಮದೊಂದು ಬೇಕರಿ ಇದೆ. ರಾತ್ರಿ ಹಿಟ್ಟು ಕಲಸುವ ಮೊದಲೇ ನಾಳೆ ಎಷ್ಟು ಬ್ರೆಡ್ ಹೋಗುತ್ತದೆ ಎಂದು ಹೇಳಬೇಕಾದವನು ನಾನು. ಎಕ್ಸೆಲ್‌ನಲ್ಲಿ ದಿನದ ಮಾರಾಟದ ಗೆರೆ ಎಳೆದರೆ ಅದು ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಅದರಿಂದ ಏನನ್ನೂ ಓದಲಾಗುತ್ತಿರಲಿಲ್ಲ.

ಮೊದಲು 30 ದಿನಗಳ ಚಲಿಸುವ ಸರಾಸರಿ ಹಾಕಿದೆ, ಅಂದರೆ ಪ್ರತಿದಿನವೂ ಆ ದಿನದವರೆಗಿನ 30 ದಿನಗಳ ಮಾರಾಟದ ಸರಾಸರಿ. ಗೆರೆ ಬಹಳ ನಯವಾಯಿತು, ಆ ನಯವೇ ನನ್ನನ್ನು ಮುಳುಗಿಸಿತು. ಬೇಸಿಗೆ ರಜೆಗೆ ಹಾಸ್ಟೆಲುಗಳು ಖಾಲಿಯಾದಾಗ ದಿನಕ್ಕೆ ಸುಮಾರು 220 ಇದ್ದ ಮಾರಾಟ 140ಕ್ಕೆ ಇಳಿದಿತ್ತು. ಆದರೆ ಹಿಂದಿನ 30 ದಿನಗಳ ಸರಾಸರಿ ಸುಮಾರು ಹದಿನಾಲ್ಕೂವರೆ ದಿನ ಹಿಂದೆ ಬೀಳುತ್ತದೆ. ಎರಡು ವಾರ ಕಳೆದರೂ ನನ್ನ ಗೆರೆ 180ರ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಎಂಟುನೂರಕ್ಕೂ ಹೆಚ್ಚು ಬ್ರೆಡ್ ಉಳಿದಿತ್ತು. ಸ್ವಲ್ಪವನ್ನು ರಸ್ಕ್ ಮಾಡಿದೆವು, ಉಳಿದದ್ದು ಹಸುಗಳ ಪಾಲಾಯಿತು. ಅಸಲು 20 ರೂಪಾಯಿಯಂತೆ ಹಿಡಿದರೂ ಹದಿನಾರು ಸಾವಿರದ ಮೇಲೆ ಹೋಯಿತು. "ನಿನ್ನ ಗೆರೆಗಿಂತ ಒಲೆ ಮುಂದೆ ನಿಂತವನ ಕಣ್ಣೇ ವಾಸಿ" ಎಂದರು ಅಪ್ಪ.

ಅವಧಿ ಕಡಿಮೆ ಮಾಡಬೇಕೆಂದು 10 ದಿನಕ್ಕೆ ಇಳಿಸಿದೆ. ಈಗ ಗೆರೆ ವಾರಕ್ಕೊಮ್ಮೆ ಏರಿ ಇಳಿಯತೊಡಗಿತು. ವ್ಯಾಪಾರ ಏರುತ್ತಿದೆ ಎಂದು ಹಿಗ್ಗಿ ಮೈದಾ ಹೆಚ್ಚಿಗೆ ತರಿಸಿದೆ, ಮೂರೇ ದಿನದಲ್ಲಿ ಗೆರೆ ಕುಸಿಯಿತು. ಕಾರಣ ತಿಳಿಯಲು ತಿಂಗಳೇ ಬೇಕಾಯಿತು. ನಮ್ಮಲ್ಲಿ ಸಂತೆಯ ದಿನ 340 ಬ್ರೆಡ್ ಹೋಗುತ್ತದೆ, ಉಳಿದ ಆರು ದಿನ ಹೆಚ್ಚುಕಡಿಮೆ 200. ಸರಾಸರಿಗೆ ತೆಗೆದುಕೊಳ್ಳುವ ಹತ್ತು ದಿನಗಳ ಕಿಟಕಿಯಲ್ಲಿ ಕೆಲವೊಮ್ಮೆ ಒಂದು ಸಂತೆ ಸಿಗುತ್ತದೆ, ಆಗ ಸರಾಸರಿ 214. ಕೆಲವೊಮ್ಮೆ ಎರಡು ಸಿಗುತ್ತವೆ, ಆಗ 228. ಮಾರಾಟ ಒಂದು ಬ್ರೆಡ್‌ನಷ್ಟೂ ಬದಲಾಗದಿದ್ದರೂ ಗೆರೆ ಮಾತ್ರ ಅಲೆಯಾಡುತ್ತದೆ. ಏಳು ದಿನದ ಕಿಟಕಿಯನ್ನು ಎಲ್ಲಿ ಇಟ್ಟರೂ ಒಂದೇ ಸಂತೆ, ಆದ್ದರಿಂದ ಯಾವಾಗಲೂ 220. ಹಿಂದೆ ಬೀಳುವುದೂ ಮೂರೇ ದಿನ. ಹದಿನಾಲ್ಕೂ ಇಪ್ಪತ್ತೆಂಟೂ ಸಂತೆಯ ಅಲೆಯನ್ನು ಅಳಿಸುತ್ತವೆ, ಆದರೆ ತಡವಾಗುತ್ತವೆ. ಇಪ್ಪತ್ತೆಂಟನ್ನು ನಾನು ಮೈದಾ ಮತ್ತು ಡಾಲ್ಡಾ ಖರೀದಿಗೆ ಮಾತ್ರ ನೋಡುತ್ತೇನೆ. ದಿನದ ಮಾರಾಟ B ಕಾಲಂನಲ್ಲಿದ್ದರೆ ಏಳು ದಿನದ ಸೂತ್ರ ಇದು:

```
=AVERAGE(B2:B8)
```

ಒಲೆ ರಿಪೇರಿಗೆಂದು ಅಂಗಡಿ ಮುಚ್ಚಿದ ದಿನ ಸೊನ್ನೆ ಬರೆದರೆ ಈ ಸೂತ್ರ ಅದನ್ನೂ ಎಣಿಸುತ್ತದೆ, ಖಾಲಿ ಬಿಟ್ಟರೆ ಎಣಿಸುವುದಿಲ್ಲ. ನಾನು ಖಾಲಿ ಬಿಡುತ್ತೇನೆ, ಅದು ಸಂತೆಯ ದಿನವಾಗಿದ್ದರೆ ಮಾತ್ರ ಹಿಂದಿನ ವಾರದ ಸಂತೆಯ ಅಂಕಿಯನ್ನು ತುಂಬುತ್ತೇನೆ. ಇಲ್ಲವಾದರೆ ಆ ವಾರವಿಡೀ ಗೆರೆ 200ಕ್ಕೆ ಬಿದ್ದಿರುತ್ತದೆ. ಹಳೆಯ ತಿಂಗಳುಗಳನ್ನು ನೋಡುವಾಗ ಸರಾಸರಿಯನ್ನು ಏಳರ ನಡುವಿನ ದಿನದ ಎದುರು, ಅಂದರೆ ಐದನೆಯ ಸಾಲಿನಲ್ಲಿ ಬರೆಯುತ್ತೇನೆ. ಆಗ ತಿರುವು ನಡೆದ ದಿನಗಳಲ್ಲಿಯೇ ಕಾಣುತ್ತದೆ. ನಾಳೆಯ ಲೆಕ್ಕಕ್ಕೆ ಅದು ಬಾರದು, ಕೊನೆಯ ಮೂರು ದಿನಗಳಿಗೆ ಅದು ಸಿಗುವುದೇ ಇಲ್ಲ.

ಒಮ್ಮೆ ಮದುವೆ ಮನೆಯೊಂದು ಒಂದೇ ದಿನ 700 ಬ್ರೆಡ್ ಕೊಂಡಿತು. ಗೆರೆ ನೂರು ಮೇಲೇರಿ ಏಳು ದಿನ ಜಗಲಿಯಂತೆ ಸಮನಾಗಿ ನಿಂತು, ಎಂಟನೆಯ ದಿನ ದಢಕ್ಕನೆ ಬಿತ್ತು. ಆ ಬೀಳುವಿಕೆ ನಿಜವಲ್ಲ, ಹಳೆಯ ಅಂಕಿ ಕಿಟಕಿಯಿಂದ ಹೊರಗೆ ಹೋಗಿದ್ದಷ್ಟೇ. ಇದಕ್ಕೆ ಮದ್ದೆಂದು ಸರಾಸರಿಯ ಬದಲು ಮಧ್ಯಾಂಕ, ಅಂದರೆ ಏಳು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ, ಹಾಕಿ ನೋಡಿದೆ. ಮದುವೆ ಮಾಯವಾಯಿತು, ಜೊತೆಗೆ ಸಂತೆಯೂ ಮಾಯವಾಯಿತು! 220 ಬರಬೇಕಾದಲ್ಲಿ 200 ಬಂದು, ವಾರಕ್ಕೆ 140 ಬ್ರೆಡ್ ಕಡಿಮೆ ಬಿದ್ದು ಗಿರಾಕಿಗಳು ಬರಿಗೈಯಲ್ಲಿ ಹೋದರು. ಈಗ ದೊಡ್ಡ ಆರ್ಡರುಗಳಿಗೆ ಬೇರೆ ಕಾಲಂ, ಅವು ಸರಾಸರಿಗೆ ಸೇರುವುದೇ ಇಲ್ಲ.

ನಾಳೆಯ ಅಂದಾಜು ಹೀಗೆ: ಏಳು ದಿನದ ಸರಾಸರಿಯನ್ನು ಆ ದಿನದ ಪಾಲಿನಿಂದ, ಅಂದರೆ ಆ ದಿನದ ಮಾರಾಟ ಸರಾಸರಿಯ ಎಷ್ಟು ಪಟ್ಟೋ ಅದರಿಂದ, ಗುಣಿಸುವುದು. ಸಂತೆಯ ಪಾಲು ಒಂದೂವರೆಗಿಂತ ಸ್ವಲ್ಪ ಹೆಚ್ಚು, ಉಳಿದ ದಿನಗಳದ್ದು 0.9. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಿಗೆ ನಾನು ಇಟ್ಟಿರುವ ಪಾಲನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಹೊಂದಿಸಲು ನನಗೆ ಮೂರು ವರ್ಷ ಹಿಡಿದಿದೆ, ನಮ್ಮ ಬೀದಿಯಲ್ಲಿ ಬೇರೆ ಬೇಕರಿಗಳೂ ಇವೆ.

ಸರಾಸರಿ ತಿರುಗುವುದನ್ನು ಇನ್ನೂ ಬೇಗ ಹಿಡಿಯಬೇಕಾದರೆ ಇಂದಿನ ಅಂಕಿಯಿಂದ ಹೋದ ವಾರದ ಇದೇ ದಿನದ ಅಂಕಿಯನ್ನು ಕಳೆಯಿರಿ. ಏಳು ದಿನದ ಗೆರೆ ಒಂದು ದಿನದಲ್ಲಿ ಸರಿಯುವುದು ಸರಿಯಾಗಿ ಆ ವ್ಯತ್ಯಾಸದ ಏಳನೆಯ ಒಂದು ಭಾಗದಷ್ಟು. ಮೂರು ದಿನ ಸತತವಾಗಿ ಅದು ದೊಡ್ಡ ಋಣ ಸಂಖ್ಯೆಯಾದರೆ ನಾನು ಗೆರೆಗೆ ಕಾಯುವುದಿಲ್ಲ. ಈ ಸಲ ಹಾಸ್ಟೆಲು ಖಾಲಿಯಾದ ನಾಲ್ಕನೆಯ ರಾತ್ರಿಯೇ ಹಿಟ್ಟು ಇಳಿಸಿದೆ. ಉಳಿದದ್ದು ಇನ್ನೂರೈವತ್ತರ ಆಸುಪಾಸು, ಎಲ್ಲವೂ ರಸ್ಕ್ ಆಗಿ ಮಾರಿಹೋಯಿತು. ಅಪ್ಪ ಈಗ ರಾತ್ರಿ ಎಂಟಕ್ಕೆ ಫೋನ್ ಮಾಡಿ, "ಏಳರದ್ದು ಎಷ್ಟು ಬಂತು?" ಎಂದು ಕೇಳಿದ ಮೇಲೆಯೇ ಮೈದಾ ಮೂಟೆ ಬಿಚ್ಚಿಸುತ್ತಾರೆ.